ಮಳೆ ನಿಂತ ಮೇಲೂ ಏರುವ ಮೂರನೇ ಕೆರೆ

ಮಳೆ ನಿಂತು ಎರಡು ಗಂಟೆಯಾಗಿದೆ. ಮೇಲಿನ ಕೆರೆಯ ಕೋಡಿಯಲ್ಲಿ ನೀರಿನ ರಭಸ ಆಗಲೇ ಕಡಿಮೆಯಾಗಿದೆ. ಅದೇ ಸಾಲಿನ ಮೂರನೇ ಕೆರೆಯಲ್ಲಿ ಮಾತ್ರ ನೀರು ಇನ್ನೂ ಏರುತ್ತಿದೆ. ಒಂದರ ಕೋಡಿ ಇನ್ನೊಂದಕ್ಕೆ ಬೀಳುವಂತೆ ಕೆರೆಗಳನ್ನು ಕಟ್ಟಿಕೊಂಡ ಊರುಗಳಲ್ಲಿ ಇದು ಯಾರಿಗೂ ಹೊಸದಲ್ಲ. ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆ ತುಂಬಿ ವರ್ತೂರಿಗೆ ಹರಿಯುತ್ತದೆ, ವರ್ತೂರು ತುಂಬಿ ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. ನೀರು ಬಂದು ಮುಟ್ಟಲು ಹೊತ್ತು ಬೇಕಲ್ಲ ಎಂದು ಯಾರಾದರೂ ಹೇಳಿಯಾರು. ಆದರೆ ಎಷ್ಟು ಹೊತ್ತು, ಎಷ್ಟು ಎತ್ತರಕ್ಕೆ ಎಂಬುದಕ್ಕೆ ಆ ಉತ್ತರ ಸಾಲದು. ಅದಕ್ಕೆ ಸರಿಯಾದ ಉತ್ತರ ಗಣಿತದ ಒಂದು ಮೂಲೆಯಲ್ಲಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪರೀಕ್ಷೆಗೆಂದು ಉರುಹೊಡೆದು ಮರೆತುಬಿಡುವ ಜೋರ್ಡಾನ್ ರೂಪದಲ್ಲಿದೆ.

ಲೆಕ್ಕಕ್ಕೆಂದು ಮೂರು ಕೆರೆಗಳನ್ನು ಒಂದೇ ಅಳತೆಯವೆಂದು ಇಟ್ಟುಕೊಳ್ಳೋಣ. ಮೂರೂ ಕೋಡಿಯ ಮಟ್ಟಕ್ಕೆ ತುಂಬಿ ನಿಂತಿವೆ. ಒಂದು ಜೋರು ಮಳೆಗೆ ಮೊದಲ ಕೆರೆಗೆ ಮಾತ್ರ 100 ಪಾಲು ನೀರು ಒಮ್ಮೆಗೇ ಬಂದು ಸೇರುತ್ತದೆ. ಕೋಡಿಯ ಮಟ್ಟಕ್ಕಿಂತ ಮೇಲೆ ಎಷ್ಟು ನೀರು ನಿಂತಿದೆಯೋ ಗಂಟೆಗೆ ಅದರ ಅರ್ಧದ ದರದಲ್ಲಿ ಹೊರಗೆ ಹರಿಯುತ್ತದೆ. ನಿಜವಾದ ಕೋಡಿ ಇಷ್ಟು ಸರಳವಲ್ಲ. ಅಗಲವಾದ ಕೋಡಿಯ ಮೇಲೆ ಹರಿಯುವ ನೀರು ಎತ್ತರದ ಒಂದೂವರೆ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆದರೂ ನಿಂತ ನೀರಿಗೆ ತಕ್ಕಷ್ಟು ಹರಿವು ಎಂಬ ಈ ಸರಳೀಕರಣವನ್ನು ಜಲವಿಜ್ಞಾನದವರು ದಶಕಗಳಿಂದ ಬಳಸುತ್ತಿದ್ದಾರೆ. ಐರ್ಲೆಂಡಿನ ಎಂಜಿನಿಯರ್ ಜೆ. ಇ. ನ್ಯಾಶ್ 1957ರಲ್ಲಿ ಮಂಡಿಸಿದ ಮಾದರಿ ಇದೇ. ಒಂದು ಜಲಾನಯನ ಪ್ರದೇಶವನ್ನು ಒಂದೇ ಗುಣದ ಜಲಾಶಯಗಳ ಸಾಲೆಂದು ಭಾವಿಸಿ, ಮಳೆ ಬಿದ್ದ ಮೇಲೆ ಕೊನೆಯಲ್ಲಿ ನೀರು ಹೇಗೆ ಹೊರಬೀಳುತ್ತದೆ ಎಂದು ಅವರು ಲೆಕ್ಕ ಹಾಕಿದರು.

ಮೂರು ಕೆರೆಗಳಲ್ಲಿ ಕೋಡಿಯ ಮೇಲೆ ನಿಂತ ನೀರನ್ನು S1, S2, S3 ಎಂದು ಕರೆದರೆ, ಗಂಟೆಗೆ ಅವು ಬದಲಾಗುವ ದರ ಹೀಗಿರುತ್ತದೆ:

```
S1' = -S1/2
S2' =  S1/2 - S2/2
S3' =  S2/2 - S3/2
```

ಎಡಗಡೆಯ ಮೂರು ದರಗಳನ್ನು ಬಲಗಡೆಯ ಮೂರು ಸಂಗ್ರಹಗಳಿಗೆ ಜೋಡಿಸುವ ಅಂಕಿಗಳ ಚೌಕವೇ ಮ್ಯಾಟ್ರಿಕ್ಸ್. ಅದನ್ನು A ಎನ್ನೋಣ. ಅದರ ಕರ್ಣದ ಮೇಲೆ ಮೂರು ಕಡೆಯೂ -1/2 ಇದೆ, ಕರ್ಣದ ಕೆಳಗೆ ಎರಡು ಕಡೆ 1/2 ಇದೆ. ಕರ್ಣದ ಅಂಕಿ ಕೆರೆ ತನ್ನ ನೀರನ್ನು ಬಿಟ್ಟುಕೊಡುವ ವೇಗ. ಕೆಳಗಿನ ಅಂಕಿ ಮೇಲಿನ ಕೆರೆಯಿಂದ ಬರುವ ಕಾಲುವೆ.

ಇಂಥ ವ್ಯವಸ್ಥೆಯನ್ನು ಬಿಡಿಸುವ ಪಠ್ಯಪುಸ್ತಕದ ದಾರಿ ಎಲ್ಲರಿಗೂ ಒಂದೇ. ಮೂರು ಕೆರೆಗಳಲ್ಲಿ ನೀರನ್ನು ಯಾವ ಪ್ರಮಾಣದಲ್ಲಿ ಹಂಚಿಟ್ಟರೆ, ಕಾಲ ಕಳೆದಂತೆ ಆ ಪ್ರಮಾಣ ಕೆಡದೆ ಇಡೀ ಹಂಚಿಕೆ ಒಟ್ಟಾಗಿ ಕುಗ್ಗುತ್ತದೆ ಎಂದು ಹುಡುಕಬೇಕು. ಅಂಥ ಹಂಚಿಕೆಗೆ ಐಗನ್ ಸದಿಶ ಎಂದೂ ಅದು ಕುಗ್ಗುವ ದರಕ್ಕೆ ಐಗನ್ ಮೌಲ್ಯ ಎಂದೂ ಹೆಸರು. ಆರಂಭದ ಸ್ಥಿತಿಯನ್ನು ಇಂಥ ಹಂಚಿಕೆಗಳ ಮೊತ್ತವಾಗಿ ಒಡೆದು, ಒಂದೊಂದನ್ನೂ ಅದರದೇ ದರದಲ್ಲಿ ಕುಗ್ಗಿಸಿ, ಮತ್ತೆ ಕೂಡಿಸಿದರೆ ಯಾವ ಗಳಿಗೆಯ ಉತ್ತರವಾದರೂ ಸಿಗುತ್ತದೆ. ಮೂರು ಬೇರೆ ಬೇರೆ ಐಗನ್ ಮೌಲ್ಯಗಳಿದ್ದರೆ ಇದು ಖಂಡಿತ ನಡೆಯುತ್ತದೆ.

ನಮ್ಮ ಕೆರೆಗಳಲ್ಲಿ ಮೂರು ಐಗನ್ ಮೌಲ್ಯಗಳೂ ಒಂದೇ, -1/2. ಪ್ರಮಾಣ ಕೆಡದ ಹಂಚಿಕೆ ಯಾವುದು ಎಂದು ಹುಡುಕಿ ನೋಡಿ. ಮೊದಲ ಕೆರೆಯಲ್ಲಿ ನೀರಿದ್ದರೆ ಅದು ಎರಡನೆಯದಕ್ಕೆ ಹರಿದು ಪ್ರಮಾಣ ಕೆಡುತ್ತದೆ. ಎರಡನೆಯದರಲ್ಲಿದ್ದರೆ ಮೂರನೆಯದಕ್ಕೆ ಹರಿಯುತ್ತದೆ. ನೀರೆಲ್ಲ ಮೂರನೆಯದರಲ್ಲೇ ಇದ್ದಾಗ ಮಾತ್ರ ಹಂಚಿಕೆಯ ಆಕಾರ ಬದಲಾಗದು. ಮೂರು ಬೇಕಾದಲ್ಲಿ ಒಂದೇ ಐಗನ್ ಸದಿಶ ಸಿಕ್ಕಿತು, ಅದರಲ್ಲೂ ಮಳೆಯ ನೀರು ಬಂದು ಬಿದ್ದಿರುವ ಮೊದಲ ಕೆರೆ ಇಲ್ಲವೇ ಇಲ್ಲ. ಪಠ್ಯಪುಸ್ತಕದ ದಾರಿ ಇಲ್ಲಿಗೆ ಮುಚ್ಚಿತು.

ಆಗ ಮಾಡಬೇಕಾದ್ದು ಹಂಚಿಕೆಗಳ ಬದಲು ಸರಪಳಿಯನ್ನು ಹುಡುಕುವುದು. A ಯಿಂದ ಎಲ್ಲ ಕೆರೆಗಳಿಗೂ ಸಮಾನವಾದ ಕುಗ್ಗುವಿಕೆಯನ್ನು ತೆಗೆದುಹಾಕಿದರೆ ಉಳಿಯುವುದು ಬರಿಯ ಕಾಲುವೆಗಳು. ಅದನ್ನು N ಎನ್ನೋಣ; N = A + I/2, ಇದರಲ್ಲಿ I ಎಂದರೆ ಕರ್ಣದ ಮೇಲೆ ಮಾತ್ರ 1 ಇರುವ ಮ್ಯಾಟ್ರಿಕ್ಸ್. N ಅನ್ನು ಒಮ್ಮೆ ಪ್ರಯೋಗಿಸಿದರೆ ಮೊದಲ ಕೆರೆಯ ನೀರು ಎರಡನೆಯದಕ್ಕೆ ಸರಿಯುತ್ತದೆ, ಇನ್ನೊಮ್ಮೆಗೆ ಮೂರನೆಯದಕ್ಕೆ. ಮೂರನೇ ಸಲ ಸಾಲಿನಿಂದಲೇ ಆಚೆ ಹೋಗಿ ಸೊನ್ನೆಯಾಗುತ್ತದೆ. ಹಾಗಾಗಿ N ನ ಘನ ಸೊನ್ನೆ. ಕಾಲದೊಂದಿಗೆ ವ್ಯವಸ್ಥೆ ಬದಲಾಗುವುದನ್ನು ಹೇಳುವ ಘಾತೀಯ ಶ್ರೇಣಿ ಸಾಮಾನ್ಯವಾಗಿ ಮುಗಿಯದ ಸಾಲು. ಇಲ್ಲಿ ಅದು ಮೂರೇ ಪದಗಳಿಗೆ ನಿಂತುಬಿಡುತ್ತದೆ:

```
e^(At) = e^(-t/2) · ( I + N·t + N²·t²/2 )
```

ಆ t ಮತ್ತು t² ಎಲ್ಲಿಂದ ಬಂದವು ಎಂದು ಈಗ ಕಾಣುತ್ತದೆ. ಒಂದು ಕಾಲುವೆ ದಾಟಿದ ನೀರಿಗೆ t, ಎರಡು ದಾಟಿದ್ದಕ್ಕೆ t². ಇದರ ಪ್ರಕಾರ 100 ಪಾಲು ನೀರಿನ ಕಥೆ ಹೀಗಿದೆ:

```
S1 = 100 · e^(-t/2)
S2 = 100 · (t/2) · e^(-t/2)
S3 = 100 · (t²/8) · e^(-t/2)
```

ಎರಡು ಗಂಟೆಯ ಹೊತ್ತಿಗೆ ಮೊದಲ ಕೆರೆಯಲ್ಲಿ 36.8, ಎರಡನೆಯದರಲ್ಲೂ 36.8, ಮೂರನೆಯದರಲ್ಲಿ 18.4 ಪಾಲು ಇರುತ್ತದೆ. ಮೊದಲೆರಡು ಸಮವಾದದ್ದು ಆಕಸ್ಮಿಕವಲ್ಲ. ಒಳಗೆ ಬರುವಷ್ಟೇ ನೀರು ಹೊರಗೆ ಹೋಗುವ ಗಳಿಗೆಯಲ್ಲೇ ಕೆರೆ ತನ್ನ ಉತ್ತುಂಗ ಮುಟ್ಟುತ್ತದೆ, ಒಂದೇ ಗುಣದ ಕೆರೆಗಳಲ್ಲಿ ಅದು ಮೇಲಿನದೂ ತಾನೂ ಸಮವಾಗುವ ಗಳಿಗೆ. ನಾಲ್ಕು ಗಂಟೆಗೆ ಮೊದಲನೆಯದು 13.5ಕ್ಕೆ ಇಳಿದಿರುತ್ತದೆ, ಎರಡನೆಯದೂ ಮೂರನೆಯದೂ 27.1ರಲ್ಲಿ ಸಮ. ಮೂರನೆಯದರ ಉತ್ತುಂಗ ಅದು. ಮೊದಲ ಕೆರೆಯ ಕೋಡಿಯಲ್ಲಿ ಆರಂಭಕ್ಕೆ ಗಂಟೆಗೆ 50 ಪಾಲು ನೀರು ಹೋಗಿತ್ತು. ಮೂರನೆಯದರ ಕೋಡಿಯಲ್ಲಿ ಅತಿ ಹೆಚ್ಚೆಂದರೆ 13.5 ಪಾಲು. ಪ್ರವಾಹ ತಡವಾಗುವುದೂ ತಗ್ಗುವುದೂ ಒಂದೇ ಕಾರಣದಿಂದ.

ಐಗನ್ ಮೌಲ್ಯಗಳ ಪಟ್ಟಿಯನ್ನಷ್ಟೇ ಕೈಯಲ್ಲಿ ಹಿಡಿದವನಿಗೆ ಇದ್ಯಾವುದೂ ತಿಳಿಯದು. ಮೂರೂ ಋಣ, ಮೂರೂ -1/2, ಎಲ್ಲವೂ ಇಳಿಯುತ್ತಿದೆ ಎಂದು ಅವನು ವರದಿ ಬರೆಯುತ್ತಾನೆ. ಕೊನೆಗೆ ಎಲ್ಲ ಇಳಿಯುತ್ತದೆ ಎಂಬುದು ನಿಜವೇ, ಏಕೆಂದರೆ t² ಎಷ್ಟು ಬೆಳೆದರೂ ಘಾತೀಯ ಇಳಿಕೆ ಅದನ್ನು ಮೀರಿಸುತ್ತದೆ. ಆದರೆ ಆ ಕೊನೆಗಿಂತ ಮೊದಲಿನ ನಾಲ್ಕು ಗಂಟೆ ಕೆಳಗಿನ ಊರಿನಲ್ಲಿ ನೀರು ಏರುತ್ತಲೇ ಇರುತ್ತದೆ.

ಅದೇ ಮೂರು ಕೆರೆಗಳನ್ನು ಸಾಲಾಗಿ ಜೋಡಿಸದೆ ಅಕ್ಕಪಕ್ಕ ಬಿಡಿಬಿಡಿಯಾಗಿ ಇಟ್ಟರೇನಾಗುತ್ತದೆ? ಕಾಲುವೆಗಳಿಲ್ಲ, N ಸೊನ್ನೆ. ಐಗನ್ ಮೌಲ್ಯಗಳು ಮಾತ್ರ ಮತ್ತೆ ಮೂರು ಸಲ -1/2. 100 ಪಾಲನ್ನು ಹೇಗೆ ಹಂಚಿದರೂ ಅದು ನೇರವಾಗಿ e^(-t/2) ಪ್ರಕಾರ ಕುಗ್ಗುತ್ತದೆ, t ಎಂಬುದು ಎಲ್ಲೂ ತಲೆಹಾಕದು. ಹನ್ನೆರಡು ಗಂಟೆಗೆ ಇಲ್ಲಿ ಒಟ್ಟು ಕಾಲು ಪಾಲು ನೀರು ಉಳಿದರೆ, ಸಾಲಿನಲ್ಲಿದ್ದ ಮೂರನೇ ಕೆರೆಯೊಂದರಲ್ಲೇ ಆ ಹೊತ್ತಿಗೆ ನಾಲ್ಕೂವರೆ ಪಾಲು ಉಳಿದಿರುತ್ತದೆ. ಹದಿನೆಂಟು ಪಟ್ಟು. ಹಾಗಾಗಿ ಐಗನ್ ಮೌಲ್ಯ ಮರುಕಳಿಸುವುದೇ t ಬರಲು ಕಾರಣ ಎಂಬ ಮಾತು, ನಾನು ಎಷ್ಟೋ ಟಿಪ್ಪಣಿಗಳಲ್ಲಿ ಓದಿರುವ ಮಾತು, ಅರ್ಧ ಸತ್ಯ. ಮರುಕಳಿಸಿದ ಮೌಲ್ಯಗಳು ಸರಪಳಿಯಲ್ಲಿ ಜೋಡಿಕೊಂಡಿವೆಯೇ ಎಂಬುದೇ ಪ್ರಶ್ನೆ.

ಜೋರ್ಡಾನ್ ರೂಪ ಬರೆದಿಡುವುದು ಇದನ್ನೇ. ಯಾವ ಮ್ಯಾಟ್ರಿಕ್ಸನ್ನೇ ಆಗಲಿ, ಅಳೆಯುವ ರೀತಿಯನ್ನು ತಕ್ಕಂತೆ ಬದಲಿಸಿ, ಒಂದಕ್ಕೊಂದು ಸಂಬಂಧವಿಲ್ಲದ ತುಂಡುಗಳಾಗಿ ಬಿಡಿಸಬಹುದು. ಒಂದೊಂದು ತುಂಡಿನ ಕರ್ಣದಲ್ಲೂ ಒಂದೇ ಐಗನ್ ಮೌಲ್ಯ, ಕರ್ಣದ ಪಕ್ಕದ ಸಾಲಿನಲ್ಲಿ 1ಗಳು. ನಮ್ಮ ಸಾಲುಕೆರೆ ಮೂರರ ಅಳತೆಯ ಒಂದು ತುಂಡು, ಬಿಡಿಕೆರೆಗಳು ಒಂದರ ಅಳತೆಯ ಮೂರು ತುಂಡುಗಳು. ತುಂಡಿನ ಅಳತೆ k ಆಗಿದ್ದರೆ ಕಾಲದ ಘಾತ k-1ರವರೆಗೆ ಹೋಗಬಹುದು, ಅದರಾಚೆಗಿಲ್ಲ.

ತುಂಡುಗಳನ್ನು ಎಣಿಸಲು N ನ ಶ್ರೇಣಾಂಕ ನೋಡಿದರೆ ಸಾಕು, ಅಂದರೆ ಅದರಲ್ಲಿ ಒಂದರಿಂದೊಂದು ಹುಟ್ಟದ ಸಾಲುಗಳೆಷ್ಟು ಎಂದು. ಒಟ್ಟು ಅಳತೆಯಿಂದ ಶ್ರೇಣಾಂಕ ಕಳೆದರೆ ತುಂಡುಗಳ ಸಂಖ್ಯೆ. ಚಿತ್ರ ನೋಡಿ ಊಹಿಸಲು ಹೋದರೆ ಮೋಸಹೋಗಬಹುದು, ಅದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಮೇಲೆ ಎರಡು ಕೆರೆಗಳು, ಎರಡೂ ಕೆಳಗಿನ ಮೂರನೆಯದಕ್ಕೆ ಹರಿಯುತ್ತವೆ ಎಂದುಕೊಳ್ಳಿ. ಮೂರೂ ಜೋಡಿಕೊಂಡಿವೆ, ಆದ್ದರಿಂದ ಮೂರರ ಒಂದೇ ತುಂಡು ಎನ್ನಿಸುತ್ತದೆ. N ನಲ್ಲಿ ಮಾತ್ರ ಒಂದೇ ಒಂದು ಸಾಲು ಸೊನ್ನೆಯಲ್ಲದ್ದು, ಶ್ರೇಣಾಂಕ 1. ಮೂರರಲ್ಲಿ ಒಂದು ಕಳೆದರೆ ತುಂಡುಗಳು ಎರಡು, ಒಂದು ಎರಡರ ಅಳತೆಯದು, ಇನ್ನೊಂದು ಒಂದರದು. ಆ ಒಂಟಿ ತುಂಡು ಯಾವ ಕೆರೆ? ಯಾವುದೂ ಅಲ್ಲ. ಮೇಲಿನ ಎರಡು ಕೆರೆಗಳ ನೀರಿನ ವ್ಯತ್ಯಾಸ ಅದು. ಕೆಳಗಿನ ಕೆರೆಗೆ ತಟ್ಟುವುದು ಮೇಲಿನವುಗಳ ಮೊತ್ತ ಮಾತ್ರ. ವ್ಯತ್ಯಾಸದ ಸುದ್ದಿ ಅದಕ್ಕೆ ತಲುಪುವುದೇ ಇಲ್ಲ, ಅದು ತನ್ನಷ್ಟಕ್ಕೆ ಕುಗ್ಗಿಹೋಗುತ್ತದೆ. ಮೇಲಿನವಕ್ಕೆ 50, 50 ಪಾಲು ಬಂದರೆ ಕೆಳಗಿನದರ ಉತ್ತುಂಗ ಎರಡು ಗಂಟೆಗೇ ಬರುತ್ತದೆ, 36.8 ಪಾಲು. ಸಾಲುಕೆರೆಯಲ್ಲಿ ಅದೇ 100 ಪಾಲಿಗೆ ನಾಲ್ಕು ಗಂಟೆ, 27.1 ಪಾಲು. ಇಷ್ಟೇ ಕೆರೆ, ಇಷ್ಟೇ ನೀರು, ಇದೇ ಐಗನ್ ಮೌಲ್ಯ, ಆದರೂ ಕೆಳಗಿನವರಿಗೆ ಸಿಗುವ ಎಚ್ಚರಿಕೆಯ ಹೊತ್ತು ಅರ್ಧ.

ಈ ರೂಪಕ್ಕೆ ಹೆಸರು ಕೊಟ್ಟ ಕಮಿಯ್ ಜೋರ್ಡಾನ್ 1838ರಲ್ಲಿ ಲಿಯೋನ್‌ನಲ್ಲಿ ಹುಟ್ಟಿದ ಫ್ರೆಂಚ್ ಗಣಿತಜ್ಞ. ಓದಿದ್ದು ಗಣಿ ಎಂಜಿನಿಯರಿಂಗ್. 1870ರಲ್ಲಿ ಬಂದ ಅವರ ದೊಡ್ಡ ಗ್ರಂಥದಲ್ಲಿ ಈ ರೂಪ ಕಾಣಿಸಿಕೊಂಡಿತು, ಅದೂ ಕಾಲದೊಂದಿಗೆ ಬದಲಾಗುವ ವ್ಯವಸ್ಥೆಗಳ ಸಲುವಾಗಿ ಅಲ್ಲ, ಬೀಜಗಣಿತದ ಬೇರೊಂದು ಕೆಲಸಕ್ಕೆ. ಎರಡು ವರ್ಷ ಮೊದಲೇ ಜರ್ಮನಿಯ ಕಾರ್ಲ್ ವಿಯರ್‌ಸ್ಟ್ರಾಸ್ ಬೇರೆ ಭಾಷೆಯಲ್ಲಿ ಇದಕ್ಕೆ ಸಮನಾದ ಫಲಿತಾಂಶ ಮುಟ್ಟಿದ್ದರು. ಸಮೀಕರಣ ಬಿಡಿಸುವ ಗೌಸ್-ಜೋರ್ಡಾನ್ ವಿಧಾನದ ಜೋರ್ಡಾನ್ ಇವರಲ್ಲ. ಅವರು ವಿಲ್‌ಹೆಲ್ಮ್ ಎಂಬ ಜರ್ಮನ್ ಭೂಮಾಪನ ತಜ್ಞ.

ವಿಯರ್‌ಸ್ಟ್ರಾಸರಿಗೆ ಈ ವಿಷಯ ಹಿಡಿಸಿದ್ದರ ಹಿಂದೆ ಒಂದು ಹಳೆಯ ತಪ್ಪು ಇತ್ತು. ಹದಿನೆಂಟನೇ ಶತಮಾನದಲ್ಲಿ ಲಗ್ರಾಂಜ್, ಸಮತೋಲನದ ಸುತ್ತ ಸಣ್ಣಗೆ ತೂಗಾಡುವ ವ್ಯವಸ್ಥೆಗಳನ್ನು ಲೆಕ್ಕಹಾಕುತ್ತಾ, ಎರಡು ಆವರ್ತನಗಳು ಸಮವಾದರೆ ಉತ್ತರದಲ್ಲಿ t ಗುಣಕವಾಗಿ ಬರುತ್ತದೆ, ತೂಗಾಟ ಬೆಳೆಯುತ್ತಾ ಹೋಗುತ್ತದೆ, ಆದ್ದರಿಂದ ವ್ಯವಸ್ಥೆ ಸ್ಥಿರವಲ್ಲ ಎಂದು ತೀರ್ಮಾನಿಸಿದ್ದರು. ಕೆರೆಗಳಲ್ಲಿ ಘಾತೀಯ ಇಳಿಕೆ t ಯನ್ನು ಹಿಡಿದು ನಿಲ್ಲಿಸುತ್ತದೆ. ತೂಗಾಟದಲ್ಲಿ ಅಂಥ ಇಳಿಕೆ ಇಲ್ಲ, ಆದ್ದರಿಂದ ಅಲ್ಲಿ t ಬಂದರೆ ಅದಕ್ಕೆ ತಡೆಯೇ ಇಲ್ಲ. ಲಗ್ರಾಂಜರ ಭಯ ಅರ್ಥವಾಗುವಂಥದ್ದು. ಆದರೆ ಉರುಟಾದ ಬೋಗುಣಿಯಲ್ಲಿ ಒಂದು ಗೋಲಿ ಬಿಟ್ಟು ನೋಡಿ. ಅದು ಎಡಬಲಕ್ಕೆ ತೂಗುವ ಆವರ್ತನವೂ ಹಿಂದೆಮುಂದೆ ತೂಗುವ ಆವರ್ತನವೂ ಒಂದೇ. ಲಗ್ರಾಂಜರ ಮಾತು ನಿಜವಾದರೆ ಗೋಲಿ ತಾನಾಗಿ ಬೋಗುಣಿಯಿಂದ ಆಚೆ ಹಾರಬೇಕು. ಹಾಗಾಗದು, ಹಾರಲು ಬೇಕಾದ ಶಕ್ತಿ ಎಲ್ಲಿಂದ ಬರಬೇಕು? 1858ರಲ್ಲಿ ವಿಯರ್‌ಸ್ಟ್ರಾಸ್ ಇದನ್ನು ಸಾಧಿಸಿ ತೋರಿಸಿದರು. ಇಂಥ ತೂಗಾಟಗಳ ಮ್ಯಾಟ್ರಿಕ್ಸ್ ಸಮಮಿತವಾದದ್ದು, ಅದರಲ್ಲಿ ಮೌಲ್ಯಗಳು ಎಷ್ಟು ಸಲ ಮರುಕಳಿಸಿದರೂ ತುಂಡುಗಳೆಲ್ಲ ಒಂದರ ಅಳತೆಯವೇ. ಸರಪಳಿ ಬರಬೇಕಾದರೆ ಪ್ರಭಾವ ಒಮ್ಮುಖವಾಗಿ ಹರಿಯಬೇಕು, ಮೇಲಿನ ಕೆರೆ ಕೆಳಗಿನದನ್ನು ತುಂಬಿಸಿ ಕೆಳಗಿನದು ಮೇಲಿನದಕ್ಕೆ ಏನನ್ನೂ ಹಿಂದಿರುಗಿಸದ ಹಾಗೆ. ಒಂದು ಲೋಲಕ, ತನ್ನದೇ ಆವರ್ತನದ ಇನ್ನೊಂದನ್ನು ಒಮ್ಮುಖವಾಗಿ ತಳ್ಳುತ್ತಿದ್ದರೆ ಆಗ ಲಗ್ರಾಂಜರ t ನಿಜವಾಗಿ ಬರುತ್ತದೆ. ಅದಕ್ಕೆ ಅನುರಣನ ಎನ್ನುತ್ತೇವೆ.

ಇಷ್ಟಾದ ಮೇಲೆ ಒಂದು ಆಕ್ಷೇಪಣೆ ಬಾಕಿ ಇರುತ್ತದೆ. ನಿಜ ಲೋಕದಲ್ಲಿ ಎರಡು ಕೆರೆಗಳು ಒಂದೇ ಗುಣದವಾಗಿರುವುದುಂಟೇ? ಒಂದರ ಕಾಲ ಎರಡು ಗಂಟೆಯಾದರೆ ಇನ್ನೊಂದರದು 2.02 ಗಂಟೆ ಇದ್ದೀತು. ಆಗ ಐಗನ್ ಮೌಲ್ಯಗಳು ಬೇರೆ ಬೇರೆ, ಜೋರ್ಡಾನ್ ರೂಪದ ಹಂಗಿಲ್ಲ. ಕಾಗದದ ಮೇಲೆ ಇದು ಸರಿ. ಲೆಕ್ಕ ಮಾಡಿದರೆ ಎರಡನೇ ಕೆರೆಯ ನೀರು ಎರಡು ಶುದ್ಧ ಘಾತೀಯಗಳ ವ್ಯತ್ಯಾಸವಾಗಿ ಬರುತ್ತದೆ, ಒಂದೊಂದರ ಗುಣಕವೂ 10,100. ಇದ್ದದ್ದು 100 ಪಾಲು ನೀರು! ಎರಡು ಗಂಟೆಯ ಹೊತ್ತಿಗೆ ಉತ್ತರ ಪಡೆಯಲು 3,752.6ರಿಂದ 3,715.6 ಕಳೆಯಬೇಕು, ಸುಮಾರು 37 ಸಿಗುತ್ತದೆ. ಜೋರ್ಡಾನ್ ಸೂತ್ರ ನೇರವಾಗಿ 36.8 ಕೊಟ್ಟಿತ್ತು. ಆ ಎರಡು ದೈತ್ಯ ಅಂಕಿಗಳಿಗೆ ಕೆರೆಯಲ್ಲಿ ಯಾವ ಅರ್ಥವೂ ಇಲ್ಲ. ಅವುಗಳಲ್ಲಿ ಒಂದರಲ್ಲಿ ನೂರಕ್ಕೆ ಒಂದರಷ್ಟು ತಪ್ಪಾದರೂ ಇಡೀ ಉತ್ತರ ಕೊಚ್ಚಿಹೋಗುತ್ತದೆ. ಎರಡು ಮೌಲ್ಯಗಳು ಹತ್ತಿರ ಬಂದಷ್ಟೂ ಗುಣಕಗಳು ಊದಿಕೊಳ್ಳುತ್ತವೆ, ವ್ಯತ್ಯಾಸ ಮಾತ್ರ ನಿಶ್ಚಿಂತೆಯಿಂದ t·e^(-t/2) ಕಡೆಗೆ ಸರಿಯುತ್ತದೆ. ಆದ್ದರಿಂದ ಉತ್ತರದಲ್ಲಿ ಭಾರೀ ಗುಣಕಗಳು ವಿರುದ್ಧ ಚಿಹ್ನೆಯೊಂದಿಗೆ ಜೋಡಿಯಾಗಿ ಕಂಡರೆ, ಹತ್ತಿರದಲ್ಲೇ ಒಂದು ಸರಪಳಿ ಇದೆ ಎಂದು ತಿಳಿಯಬೇಕು.

ಇದರ ಇನ್ನೊಂದು ಮುಖ ಇನ್ನೂ ವಿಚಿತ್ರ. ಮೂರನೇ ಕೆರೆಯಿಂದ ಹೊರಹೋಗುವ ನೀರಿನಲ್ಲಿ ಸಾವಿರದ ಒಂದು ಪಾಲನ್ನು ಪಂಪಿನಿಂದ ಮೇಲಿನ ಕೆರೆಗೆ ವಾಪಸು ಹಾಕಿದರೆಂದುಕೊಳ್ಳಿ. ನೀರಿನ ಲೆಕ್ಕದಲ್ಲಿ ಇದು ಯಾರ ಗಮನಕ್ಕೂ ಬಾರದ ಬದಲಾವಣೆ. ಐಗನ್ ಮೌಲ್ಯಗಳು ಮಾತ್ರ ಚದುರಿಬಿಡುತ್ತವೆ. ಮೂರರ ತುಂಡಿನಲ್ಲಿ ಅವು ಬದಲಾವಣೆಯ ಘನಮೂಲಕ್ಕೆ ತಕ್ಕಂತೆ ಸರಿಯುತ್ತವೆ, ಸಾವಿರದ ಒಂದರ ಘನಮೂಲ ಹತ್ತನೇ ಒಂದು. ಹಾಗಾಗಿ -0.5 ಇದ್ದ ಒಂದು ಮೌಲ್ಯ -0.45 ಆಗುತ್ತದೆ, ಉಳಿದೆರಡು -0.525ರ ಬಳಿ ಸಮ್ಮಿಶ್ರ ಸಂಖ್ಯೆಗಳ ಜೋಡಿಯಾಗುತ್ತವೆ. ಸಮ್ಮಿಶ್ರ ಎಂದ ಕೂಡಲೇ ವ್ಯವಸ್ಥೆ ತೂಗಾಡುತ್ತದೆ ಎಂದು ಬರೆಯುವವರಿದ್ದಾರೆ. ಮೊದಲ ಕೆಲವು ಗಂಟೆಗಳ ನೀರಿನ ಗ್ರಾಫನ್ನು ಮೊದಲಿನದರ ಮೇಲೆ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಾಣದು.

ಗಣಕದಲ್ಲಿಯೂ ಇದೇ ಪಾಡು. ಸಾಮಾನ್ಯ ಲೆಕ್ಕಕ್ಕೆ ಅದು ಸುಮಾರು ಹದಿನಾರು ಅಂಕೆಗಳ ನಿಖರತೆ ಇಟ್ಟುಕೊಳ್ಳುತ್ತದೆ. ಮೂರರ ತುಂಡು ಒಳಗೆ ಅಡಗಿರುವ, ಮೇಲ್ನೋಟಕ್ಕೆ ಅಂಕಿಗಳೆಲ್ಲ ಕಲಸಿಹೋದ ಮ್ಯಾಟ್ರಿಕ್ಸನ್ನು ಕೊಟ್ಟರೆ, ಘನಮೂಲದ ಲೆಕ್ಕದಲ್ಲಿ ಐದಾರು ಅಂಕೆಗಳಷ್ಟೇ ನಂಬಿಕೆಗೆ ಉಳಿಯುತ್ತವೆ. ಸಮವಾಗಿದ್ದ ಮೂರು ಮೌಲ್ಯಗಳು ನಿಜವಾದ ಜಾಗದ ಸುತ್ತ ಪುಟ್ಟ ತ್ರಿಕೋನವಾಗಿ ಚದುರಿ ಬರುತ್ತವೆ. ಆ ತ್ರಿಕೋನ ಕಂಡಾಗ ಅವುಗಳ ಸರಾಸರಿ ತೆಗೆದರೆ, ಒಂಟಿಯಾಗಿ ಯಾವುದೊಂದಕ್ಕಿಂತಲೂ ಬಹಳ ನಿಖರವಾದ ಮೌಲ್ಯ ಸಿಗುತ್ತದೆ. ಅಂಕಿಗಳಲ್ಲಿ ಜೋರ್ಡಾನ್ ರೂಪ ಕಂಡುಹಿಡಿಯುವುದು ಎಷ್ಟು ಅಪಾಯಕಾರಿ ಎಂಬುದನ್ನು ಜೀನ್ ಗೋಲಬ್ ಮತ್ತು ಜೇಮ್ಸ್ ವಿಲ್ಕಿನ್ಸನ್ 1976ರ ಪ್ರಬಂಧದಲ್ಲಿ ವಿವರವಾಗಿ ತೋರಿಸಿದರು. ಅದಕ್ಕೇ ಇವತ್ತಿನ ತಂತ್ರಾಂಶಗಳು ಕಾಲದ ಉತ್ತರ ಬೇಕೆಂದರೆ ಜೋರ್ಡಾನ್ ರೂಪದ ಗೋಜಿಗೆ ಹೋಗದೆ, `expm` ನಂಥ ಆಜ್ಞೆಯಿಂದ ನೇರವಾಗಿ ಮ್ಯಾಟ್ರಿಕ್ಸಿನ ಘಾತೀಯವನ್ನೇ ಲೆಕ್ಕ ಹಾಕುತ್ತವೆ. ಕೆರೆಯಲ್ಲಿ ನೀರೆಷ್ಟು ಎಂದು ಗಣಕಕ್ಕೆ ಹೇಳಲು ಬರುತ್ತದೆ. ಏಕೆ ಅಷ್ಟು ಎಂದು ತಿಳಿಯಲು ಮಾತ್ರ ಕಾಗದದ ಮೇಲೆ ಸರಪಳಿಯನ್ನು ಬರೆದುಕೊಳ್ಳಬೇಕು.

ನ್ಯಾಶ್ ಮಾದರಿ ಬಳಸುವವರು ಕಾಗದದ ಸರಪಳಿಯನ್ನೂ ಒಂದು ಹಂತದಲ್ಲಿ ಬಿಟ್ಟುಬಿಡುತ್ತಾರೆ. ಹೊಳೆಯಲ್ಲಿ ಅಳೆದ ಪ್ರವಾಹದಿಂದ ಹಿಂದಕ್ಕೆ ಹೋಗಿ ಜಲಾಶಯಗಳು ಎಷ್ಟು, ಒಂದೊಂದರ ಕಾಲ ಎಷ್ಟು ಎಂದು ಅವರು ಕಂಡುಕೊಳ್ಳಬೇಕು. ಸರಾಸರಿ ವಿಳಂಬ ಎಂದರೆ ಜಲಾಶಯಗಳ ಸಂಖ್ಯೆ ಗುಣಿಸು ಒಂದರ ಕಾಲ. ನಮ್ಮ ಮೂರು ಕೆರೆಗಳಿಗೆ ಅದು ಆರು ಗಂಟೆ, ಉತ್ತುಂಗ ಬಂದ ನಾಲ್ಕು ಗಂಟೆಗಿಂತ ತಡ, ಏಕೆಂದರೆ ಇಳಿಯುವ ಬಾಲ ಉದ್ದವಾಗಿದೆ. ಹರಡುವಿಕೆಯನ್ನೂ ಅಳೆದರೆ ಎರಡು ಸಮೀಕರಣ, ಎರಡು ಉತ್ತರ. ಆದರೆ ನಿಜವಾದ ಹೊಳೆಯ ಅಂಕಿಗಳನ್ನು ಹಾಕಿದಾಗ ಜಲಾಶಯಗಳ ಸಂಖ್ಯೆ ಪೂರ್ಣಾಂಕವಾಗಿ ಬರಲೇಬೇಕೆಂದಿಲ್ಲ, 2.6 ಎಂದೂ ಬಂದೀತು. ಸೂತ್ರದಲ್ಲಿ t ಯ ಘಾತಕ್ಕೆ 1.6 ಎಂದು ಹಾಕಿದರೆ ಸೂತ್ರ ತಕರಾರು ಮಾಡದೆ ನಡೆಯುತ್ತದೆ, ಪ್ರವಾಹದ ಗ್ರಾಫೂ ಚೆನ್ನಾಗಿ ಹೊಂದುತ್ತದೆ. ಆದರೆ ಅಂಥ ಘಾತ ಕೊಡುವ ಜೋರ್ಡಾನ್ ತುಂಡು ಯಾವುದೂ ಇಲ್ಲ.